ನೇಮದ ರಾತ್ರಿ ಯಾವ ವಸ್ತು ಯಾರ ಕೈಗೆ: ಕ್ಷೇತ್ರಕಾರ್ಯ ವರದಿಗೊಂದು ದಾರಿ

ಪ್ರಶ್ನೆ: ನಾನು ರಂಗಭೂಮಿ ಅಧ್ಯಯನದಲ್ಲಿ ಎಂ.ಎ. ಓದುತ್ತಿದ್ದೇನೆ. ಅಜ್ಜಿಮನೆ ಬೆಳ್ತಂಗಡಿ ಕಡೆ. ಅಲ್ಲಿನ ಗುತ್ತಿನಲ್ಲಿ, ಅಂದರೆ ಊರಿನ ಯಜಮಾನಿಕೆಯ ಮನೆಯಲ್ಲಿ, ಪಂಜುರ್ಲಿ ಎಂಬ ದೈವಕ್ಕೆ ನೇಮ ಆಗುತ್ತದೆ, ಅಂದರೆ ರಾತ್ರಿಯಿಡೀ ವೇಷ ಕಟ್ಟಿ ಮಾಡುವ ಆರಾಧನೆ. ಅದರ ಮೇಲೆ ಕ್ಷೇತ್ರಕಾರ್ಯ ವರದಿ ಬರೆಯಬೇಕು. ದೈವ ಕಟ್ಟುವವರು ಪಾತ್ರ ಮಾಡುತ್ತಾರೆ ಎಂದು ಬರೆಯಲೇ, ಅವರ ಮೈಮೇಲೆ ದೈವ ಬರುತ್ತದೆ ಎಂದು ಬರೆಯಲೇ? ಎರಡೂ ಪೂರ್ತಿ ಸರಿ ಅನಿಸುತ್ತಿಲ್ಲ. ಇಡೀ ರಾತ್ರಿ ನಡೆಯುವುದರಲ್ಲಿ ಏನನ್ನು ದಾಖಲಿಸಿಕೊಳ್ಳಬೇಕು?

ಉತ್ತರ: ಇದನ್ನು ದೈವ ಕಟ್ಟುವವರ ಮನಸ್ಸಿನೊಳಗೆ ಹುಡುಕಲು ಹೋಗಬೇಡಿ. ಅಲ್ಲಿ ಏನಾಗುತ್ತದೆ ಎಂಬುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅವರನ್ನೇ ಕೇಳಿದರೂ ವರದಿಗೆ ಆಧಾರವಾಗುವಂಥ ಮಾತು ಸಿಗುವುದು ಕಡಿಮೆ. ಅಂಗಳದಲ್ಲಿ ಕಣ್ಣಿಗೆ ಬೀಳುವುದು ಬೇರೆಯೇ ಒಂದು. ನೇಮದಲ್ಲಿ ದೈವ ಒಮ್ಮೆಗೇ ಬಂದುಬಿಡುವುದಿಲ್ಲ, ಹಂತಹಂತವಾಗಿ ಬರುತ್ತದೆ. ಪ್ರತಿ ಹಂತದಲ್ಲೂ ಒಂದು ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಅದರ ಜೊತೆಗೇ ಆ ಮನುಷ್ಯನನ್ನು ಊರವರು ಕರೆಯುವ ರೀತಿ ಬದಲಾಗುತ್ತದೆ. ಸಂಜೆ ಏಕವಚನದಲ್ಲಿ ಕರೆಸಿಕೊಂಡವರ ಮುಂದೆ ನಡುರಾತ್ರಿ ಗುತ್ತಿನ ಯಜಮಾನರೇ ಕೈಮುಗಿದು ನಿಲ್ಲುತ್ತಾರೆ. ಈ ಬದಲಾವಣೆ ಎಲ್ಲಿ, ಯಾವ ವಸ್ತುವಿನೊಂದಿಗೆ, ಯಾರ ಬಾಯಿಂದ ಮೊದಲು ಆಯಿತು ಎಂದು ಬರೆದಿಟ್ಟುಕೊಂಡರೆ, ಪಾತ್ರವೋ ಆವೇಶವೋ ಎಂಬ ಹಗ್ಗಜಗ್ಗಾಟ ಇಲ್ಲದೆಯೇ ವರದಿ ನಿಲ್ಲುತ್ತದೆ. ದೈವವನ್ನು ಕಟ್ಟುವ ಕೆಲಸದಲ್ಲಿ ಇಡೀ ಅಂಗಳದ ಪಾಲಿದೆ. ವೇಷ ಹಾಕಿದವರ ದೇಹ ಆ ಕೆಲಸ ಎದ್ದು ಕಾಣುವ ಜಾಗ.

ಆದ್ದರಿಂದ ನಿಮ್ಮ ಟಿಪ್ಪಣಿ ಪುಸ್ತಕದ ಪುಟಕ್ಕೆ ಮೊದಲೇ ಐದು ಅಂಕಣ ಎಳೆದಿಟ್ಟುಕೊಳ್ಳಿ: ಸಮಯ, ವಸ್ತು, ಯಾರ ಕೈಯಿಂದ, ಯಾರ ಕೈಗೆ, ಆಗ ಕರೆದ ರೀತಿ. ಕುಣಿತದ ವರ್ಣನೆ ಎದುರು ಪುಟದಲ್ಲಿರಲಿ. ರಾತ್ರಿ ಮೂರು ಗಂಟೆಗೆ ಕಣ್ಣು ಎಳೆಯುವಾಗಲೂ ಈ ಐದು ಅಂಕಣ ತುಂಬುವುದು ಕಷ್ಟವಲ್ಲ. ವರದಿಯ ಬೆನ್ನೆಲುಬು ಅಲ್ಲೇ ಸಿಗುತ್ತದೆ.

ಅಲ್ಲಿ ಯಾರು ಯಾರು ಇರುತ್ತಾರೆ ಎಂಬುದು ಮೊದಲು ಗೊತ್ತಿರಲಿ. ದೈವ ಕಟ್ಟುವವರು ನಲಿಕೆ, ಪರವ ಅಥವಾ ಪಂಬದ ಸಮುದಾಯದವರು. ಯಾವ ದೈವವನ್ನು ಯಾರು ಕಟ್ಟಬೇಕು ಎಂಬ ಕಟ್ಟು ಊರೂರಿಗೆ ಬೇರೆ. ಆ ಸ್ಥಳದಲ್ಲಿ ಕಟ್ಟುವ ಹಕ್ಕು ಸಾಮಾನ್ಯವಾಗಿ ಒಂದು ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದಿರುತ್ತದೆ. ನೇಮದ ಹೊಣೆ ಗುತ್ತಿನ ಮನೆಯದು. ದೈವದ ಖಡ್ಗ, ಗಂಟೆ, ಮೊಗ ಎಂಬ ಮುಖವಾಡ, ಆಭರಣಗಳೆಲ್ಲ ಸೇರಿ ಭಂಡಾರ. ಅದು ಇರುವುದು ಭಂಡಾರದ ಮನೆಯಲ್ಲಿ. ಪೂಜೆಗೆ ನಿಲ್ಲುವ ಪೂಜಾರಿ ಹೆಚ್ಚಿನ ಕಡೆ ಬಿಲ್ಲವರು. ದೀವಟಿಗೆ ಮತ್ತು ಮಡಿ ಬಟ್ಟೆಯ ಜವಾಬ್ದಾರಿ ಮಡಿವಾಳರದು. ದೈವ ಮತ್ತು ಊರಿನ ನಡುವೆ ನಿಂತು ಮಾತಾಡುವವರು ಮಧ್ಯಸ್ಥರು. ಇವರಲ್ಲದೆ ಪಾತ್ರಿ ಎಂಬವರಿದ್ದಾರೆ. ಅವರ ವಿಷಯ ಮುಂದೆ ಬರುತ್ತದೆ, ರಂಗಭೂಮಿ ಓದುವ ನಿಮಗೆ ಅಲ್ಲೇ ಹೆಚ್ಚು ಕೆಲಸವಿದೆ.

ಈಗ ಒಂದು ಪಂಜುರ್ಲಿ ನೇಮದ ರಾತ್ರಿಯನ್ನು ಕ್ರಮವಾಗಿ ನೋಡೋಣ. ಊರಿಂದೂರಿಗೆ ಹಂತಗಳು ಹಿಂದೆಮುಂದೆ ಆಗುತ್ತವೆ, ನಿಮ್ಮ ಗುತ್ತಿನ ಕಟ್ಟುಕಟ್ಟಳೆ ಬೇರೆ ಇದ್ದೀತು. ಆದರೆ ಎಲುಬುಗೂಡು ಇದೇ.

ಆರಂಭ ವೇಷದಿಂದಲ್ಲ. ನೇಮಕ್ಕೆ ಕೆಲವು ದಿನ ಮೊದಲು ಬಾಳೆಗೊನೆ ಕಡಿಯುವ ಗೊನೆ ಮುಹೂರ್ತದಿಂದ ಊರಿಗೆ ನೇಮ ಶುರುವಾದ ಹಾಗೆ. ಚಪ್ಪರ ಏಳುತ್ತದೆ. ನೇಮದ ದಿನ ಸಂಜೆ ಭಂಡಾರದ ಮನೆಯಿಂದ ಭಂಡಾರ ಇಳಿದು, ವಾದ್ಯದೊಂದಿಗೆ ಮೆರವಣಿಗೆಯಲ್ಲಿ ನೇಮದ ಅಂಗಳಕ್ಕೆ ಬರುತ್ತದೆ. ಯಾರು ಖಡ್ಗ ಹಿಡಿದರು, ಯಾರು ಮೊಗ ಹೊತ್ತರು, ಯಾರು ಮುಂದೆ, ಯಾರು ಹಿಂದೆ ಎಂಬುದನ್ನೆಲ್ಲ ಇಲ್ಲೇ ಬರೆದುಕೊಳ್ಳಬೇಕು. ಈ ಸಾಲಿನ ಕ್ರಮ ಊರಿನ ಮನೆತನಗಳ ಮರ್ಯಾದೆಯ ಕ್ರಮವೂ ಹೌದು, ರಾತ್ರಿ ದೈವ ಹೆಸರು ಕರೆಯುವಾಗ ಇದೇ ಕ್ರಮ ಮತ್ತೆ ಕೇಳಿಬರುತ್ತದೆ. ಎರಡನ್ನೂ ಹೋಲಿಸಿ ನೋಡದ ವರದಿ ಅರ್ಧ ವರದಿ. ಹೊಸಬರು ಬಹುತೇಕ ಎಡವುವುದು ಇಲ್ಲಿಯೇ: ಊಟ ಮುಗಿಸಿ, ಬೆನ್ನಿಗೆ ಅಣಿ ಎಂಬ ಚೌಕಟ್ಟು ಕಟ್ಟುವ ಹೊತ್ತಿಗೆ ಕ್ಯಾಮೆರಾ ಹಿಡಿದು ಬರುತ್ತಾರೆ. ಅಷ್ಟರಲ್ಲಿ ಮುಖ್ಯವಾದ ಕೈಬದಲುಗಳು ಮುಗಿದಿರುತ್ತವೆ.

ದೈವ ಕಟ್ಟುವವರ ಪಾಲಿಗೆ ಮೊದಲನೆಯ ಕೈಬದಲು ಎಣ್ಣೆಬೂಳ್ಯ. ಗುತ್ತಿನವರ ಕಡೆಯಿಂದ ಎಣ್ಣೆ ಮತ್ತು ವೀಳ್ಯ ದೈವ ಕಟ್ಟುವವರ ಕೈಗೆ ಬರುತ್ತದೆ. ಅವರು ಅದನ್ನು ತೆಗೆದುಕೊಂಡು, ಎಣ್ಣೆ ಹಚ್ಚಿ, ಸ್ನಾನ ಮಾಡಿ ಬರುತ್ತಾರೆ. ನೋಡುವವರಿಗೆ ಸಣ್ಣ ಸಂಗತಿ. ಆದರೆ ಆ ರಾತ್ರಿ ಆ ದೇಹ ದೈವಕ್ಕೆ ಎಂದು ಊರು ಒಪ್ಪಿಸುವುದು ಮತ್ತು ಕಟ್ಟುವವರು ಒಪ್ಪಿಕೊಳ್ಳುವುದು ಈ ಹಂತದಲ್ಲಿ. ಎಣ್ಣೆ ಕೊಟ್ಟವರು ಯಾರು, ನೇರ ಕೈಗೆ ಕೊಟ್ಟರೇ, ಎಲೆಯಲ್ಲಿ ಇಟ್ಟು ಕೊಟ್ಟರೇ, ಕೊಡುವಾಗ ಏನೆಂದು ಕರೆದರು ಎಂದು ಗಮನಿಸಿ. ಕರೆ ಇನ್ನೂ ಮನುಷ್ಯನ ಹೆಸರಿನದೇ ಆಗಿರುತ್ತದೆ.

ಸ್ನಾನವಾದ ಮೇಲೆ ಬಣ್ಣ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಮಸಿ. ತೆಂಗಿನೆಣ್ಣೆಯಲ್ಲಿ ಅರೆದು ಹಚ್ಚುತ್ತಾರೆ. ಮುಖವಿಡೀ ಹಳದಿ ಮೆತ್ತಿ, ಅದರ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಎಳೆಯುವುದನ್ನು ಹತ್ತಿರದಿಂದ ನೋಡಲು ಅನುಮತಿ ಸಿಕ್ಕಿದರೆ ಬಿಡಬೇಡಿ. ಎಣ್ಣೆ ಹೆಚ್ಚಾದರೆ ಬೆವರಿಗೆ ಬಣ್ಣ ಇಳಿಯುತ್ತದೆ, ಕಡಿಮೆಯಾದರೆ ಒಣಗಿ ಬಿರಿಯುತ್ತದೆ. ದೀವಟಿಗೆಯ ಬೆಳಕು ಕೆಳಗಿನಿಂದ, ಪಕ್ಕದಿಂದ ಬರುವುದರಿಂದ ಹಳದಿಯ ಮೇಲಿನ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಟ್ಯೂಬ್‌ಲೈಟಿನ ಕೆಳಗೆ ಅದೇ ಮುಖ ಚಪ್ಪಟೆಯಾಗಿಬಿಡುತ್ತದೆ. ಇಂದಿನ ನೇಮಗಳಲ್ಲಿ ಫ್ಲಡ್‌ಲೈಟ್ ಸಾಮಾನ್ಯ, ಆದ್ದರಿಂದ ಬೆಳಕು ಯಾವುದು, ಎಲ್ಲಿಂದ ಎಂದು ವರದಿಯಲ್ಲಿ ಬರೆಯಲೇಬೇಕು. ಇನ್ನೊಂದು ಮಾತು: ಅರದಾಳ ಆರ್ಸೆನಿಕ್ ಇರುವ ಖನಿಜ, ಇಂಗಳೀಕದಲ್ಲಿ ಪಾದರಸವಿದೆ. ವರ್ಷಕ್ಕೆ ಹತ್ತಾರು ರಾತ್ರಿ ಇದನ್ನು ಮೈಗೆ ಹಚ್ಚಿಕೊಳ್ಳುವವರ ಚರ್ಮದ, ಕಣ್ಣಿನ ತೊಂದರೆಯ ಬಗ್ಗೆ ನಮ್ಮ ಅಧ್ಯಯನಗಳು ಬಾಯಿ ಬಿಡುವುದು ತೀರಾ ಕಡಿಮೆ. ಈಗ ಅಂಗಡಿಯ ಬಣ್ಣ ಬಳಸುವವರೂ ಇದ್ದಾರೆ. ಯಾವುದನ್ನು ಬಳಸಿದರು, ಏಕೆ ಎಂದು ಕೇಳಿ ಬರೆದುಕೊಳ್ಳಿ.

ಬಣ್ಣದ ಜೊತೆಜೊತೆಗೆ, ಅಥವಾ ಅದು ಮುಗಿದ ಕೂಡಲೇ, ಪಾಡ್ದನ. ತೆಂಬರೆ ಎಂಬ ಚಿಕ್ಕ ಚರ್ಮವಾದ್ಯ ಬಾರಿಸುತ್ತ ಕಟ್ಟುವವರ ಮನೆಯ ಹೆಂಗಸರು ಅಥವಾ ಕಟ್ಟುವವರೇ ದೈವದ ಹುಟ್ಟು, ಸಂಚಾರ, ನೆಲೆ ಹೇಳುತ್ತಾರೆ. ಪಂಜುರ್ಲಿಯದಾದರೆ ಈಶ್ವರನ ತೋಟದ ಹಂದಿಮರಿಯ ಕತೆ: ಪಾರ್ವತಿ ಮುದ್ದಿನಿಂದ ಸಾಕಿದ ಮರಿ ದೊಡ್ಡದಾಗಿ, ಕೋರೆ ಮೂಡಿ, ತೋಟ ಹಾಳು ಮಾಡುತ್ತದೆ, ಕೊಲ್ಲಹೊರಟ ಈಶ್ವರ ಕೊನೆಗೆ ಅದನ್ನು ದೈವವಾಗಿ ಭೂಮಿಗೆ ಕಳಿಸುತ್ತಾನೆ. ಬೆಳೆ ತಿನ್ನುವ ಹಂದಿಯೇ ಬೆಳೆ ಕಾಯುವ ದೈವವಾಗುವ ಈ ತಿರುವು ಗದ್ದೆ ತೋಟದ ಊರಿನಲ್ಲಿ ಏನು ಅರ್ಥ ಕೊಡುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ರಂಗದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಬೇರೆ. ಪಾಡ್ದನದ ಹೊತ್ತಿನಲ್ಲಿ ಕಟ್ಟುವವರು ದೈವದ ಕತೆ ಹೇಳುವವರು, ಇನ್ನೂ ದೈವವಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಕತೆ ದೈವದ ಬಾಯಲ್ಲಿ ತನ್ನ ಕತೆಯಾಗಿ ಬರುತ್ತದೆ. ಅದು ಎಲ್ಲಿ ಮಗುಚುತ್ತದೆ ಎಂದು ಹಿಡಿಯಬೇಕಾದರೆ ಮೊದಲಿನ ಭಾಗವೂ ದಾಖಲಾಗಿರಬೇಕು.

ಇಲ್ಲಿ ಒಂದು ದಾಕ್ಷಿಣ್ಯವಿಲ್ಲದ ಮಾತು. ಪಾಡ್ದನಗಳು ಅಚ್ಚಾಗಿ ನೂರಮೂವತ್ತು ವರ್ಷಕ್ಕೂ ಮಿಕ್ಕಿದೆ. 1886ರಲ್ಲೇ ಬಾಸೆಲ್ ಮಿಷನ್ ಮಂಗಳೂರಿನಿಂದ ಒಂದು ಸಂಗ್ರಹ ತಂದಿತ್ತು, ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಕೂಡಿಸಿಟ್ಟ ಸಾಮಗ್ರಿ 1894ರಿಂದ ಪತ್ರಿಕೆಯಲ್ಲಿ ಬಂತು. ಪುಸ್ತಕದಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಅಚ್ಚಿನ ಪಾಠವನ್ನು ಎತ್ತಿ, ಅಂದು ರಾತ್ರಿ ಇದನ್ನೇ ಹಾಡಿದರು ಎಂಬಂತೆ ಬರೆಯುವ ವರದಿಗಳು ಬೇಕಾದಷ್ಟಿವೆ. ಇದು ತಪ್ಪು. ಹಾಡುವವರು ಆ ಸ್ಥಳದ ಹೆಸರು, ಆ ಗುತ್ತಿಗೆ ದೈವ ಬಂದ ದಾರಿ, ಆ ಮನೆಯ ಹಿರಿಯರು ಕೊಟ್ಟ ನೆಲೆ ಇವನ್ನೆಲ್ಲ ಒಳಗೆ ಸೇರಿಸುತ್ತಾರೆ. ಆ ನೇಮಕ್ಕೆ ಬೇಕಾದದ್ದು ಅದೇ ಭಾಗ. ಹೊತ್ತು ಸಾಲದೆ ಕತೆ ಮೊಟಕಾಗುವುದೂ ಉಂಟು. ಮೊಟಕಾದರೆ ಎಲ್ಲಿ ಬಿಟ್ಟರು, ಏಕೆ ಬಿಟ್ಟರು ಎಂದು ಬರೆಯಿರಿ.

ಮುಂದಿನದು ಗಗ್ಗರ. ಇದನ್ನು ತಪ್ಪಿಸಿಕೊಂಡರೆ ಉಳಿದದ್ದು ತಿಳಿಯುವುದಿಲ್ಲ. ಗಗ್ಗರ ಎಂದರೆ ಕಾಲಿಗೆ ಹಾಕುವ ಟೊಳ್ಳು ಕಡಗ. ಒಳಗೆ ಲೋಹದ ಗುಂಡುಗಳಿರುತ್ತವೆ. ದೈವದ ಮುಂದೆ ಇಟ್ಟ ಗಗ್ಗರವನ್ನು ಅನುಮತಿ ಬೇಡಿ ಕೈಗೆ ತೆಗೆದುಕೊಳ್ಳುತ್ತಾರೆ. ಕಾಲಿಗೆ ಹಾಕುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸಿ, ಅಲ್ಲಾಡಿಸುವ ಹೊತ್ತು ಒಂದಿದೆ, ಗಗ್ಗರದೆಚ್ಚಿ ಎನ್ನುತ್ತಾರೆ. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಮೊದಲು ಗಗ್ಗರದ ಸದ್ದು ಬಿಡಿಬಿಡಿಯಾಗಿ, ವಾದ್ಯದ ತಾಳಕ್ಕೆ ಹೊಂದಿ ಬರುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ತಾಳ ಬಿಟ್ಟು ಒಂದೇ ಸಮನೆ ಗರಗರ ಎನ್ನತೊಡಗುತ್ತದೆ. ಕೈಯ ಅಲುಗಾಟ ಭುಜಕ್ಕೆ, ಅಲ್ಲಿಂದ ಮೈಗೆ ಏರುತ್ತದೆ. ವಾದ್ಯದವರು ಒಡನೆ ನಡೆ ಏರಿಸುತ್ತಾರೆ. ಇಷ್ಟು ಹೊತ್ತು ಕುಳಿತು ಮಾತಾಡುತ್ತಿದ್ದ ಹಿರಿಯರು ಎದ್ದು ನಿಲ್ಲುತ್ತಾರೆ, ಶಾಲು ಹೆಗಲಿನಿಂದ ಸೊಂಟಕ್ಕೆ ಬರುತ್ತದೆ. ಕರೆಯುವ ರೀತಿ ಬದಲಾಗುವುದು ಇಲ್ಲಿಂದ. ಮನುಷ್ಯನ ಹೆಸರು ಅಂಗಳದಲ್ಲಿ ಇನ್ನು ಕೇಳುವುದಿಲ್ಲ. ಈ ಸ್ಥಿತಿಗೆ ತುಳುವಿನಲ್ಲಿ ಜೋಗ ಎನ್ನುತ್ತಾರೆ, ದೈವ ಇದುವರೆಗೆ ಇದ್ದದ್ದು ಮಾಯದಲ್ಲಿ, ಅಂದರೆ ಕಣ್ಣಿಗೆ ಕಾಣದ ನೆಲೆಯಲ್ಲಿ. ನಿಮ್ಮ ವರದಿಗೆ ಈ ಎರಡು ಮಾತು ಬೇಕೇಬೇಕು. ನೇಮ ಮಾಡುವ ಜನರೇ ಮಾಡಿಕೊಂಡ ಭೇದ ಅದು, ಹೊರಗಿನಿಂದ ತಂದ ಪಾತ್ರ–ಆವೇಶ ಎಂಬ ಜೋಡಿಗಿಂತ ಎಷ್ಟೋ ನಿಖರ.

ಜೋಗ ಬರಲು ತಡವಾಗುವುದೂ ಉಂಟು. ಆಗ ಏನಾಗುತ್ತದೆ ಎಂಬುದು ಸಲೀಸಾಗಿ ಬಂದ ರಾತ್ರಿಗಿಂತ ಹೆಚ್ಚು ತಿಳಿಸಿಕೊಡುತ್ತದೆ. ಅಂಥ ಹೊತ್ತಿನಲ್ಲಿ ಯಾರೂ ಕಟ್ಟುವವರನ್ನು ದೂರುವುದಿಲ್ಲ. ಮಧ್ಯಸ್ಥರು ಅಥವಾ ಗುತ್ತಿನ ಹಿರಿಯರು ಮತ್ತೆ ಮದಿಪು ಹೇಳುತ್ತಾರೆ. ದೈವವನ್ನು ಅದರ ಹಿರಿಮೆ ಹೊಗಳಿ, ತಮ್ಮಿಂದ ಕುಂದು ಬಂದಿದ್ದರೆ ಒಪ್ಪಿಕೊಂಡು ಬರಮಾಡುವ ಕಟ್ಟುಮಾತು ಅದು. ಕೊಡಬೇಕಾದದ್ದು ಬಿಟ್ಟುಹೋಗಿದೆಯೇ, ಮನೆತನದವರಲ್ಲಿ ಯಾರಾದರೂ ಬಂದಿಲ್ಲವೇ, ಮಡಿ ಕೆಟ್ಟಿದೆಯೇ ಎಂದು ನೋಡುತ್ತಾರೆ. ಅಂದರೆ ತಡವಾದರೆ ಊರು ಮೊದಲು ತನ್ನಲ್ಲೇ ಕಾರಣ ಹುಡುಕುತ್ತದೆ. ನಾಟಕದಲ್ಲಿ ನಟ ಸೋತರೆ ಸೋಲು ನಟನದು. ನೇಮದಲ್ಲಿ ದೇಹ ಒಬ್ಬರದಾದರೂ ಹೊಣೆ ಎಲ್ಲರದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗಲಿಕ್ಕಿಲ್ಲ.

ಆಮೇಲೆ ಸಿರಿ, ಅಣಿ, ಮೊಗ. ಸೊಂಟಕ್ಕೆ ಎಳೆ ತೆಂಗಿನ ಗರಿಯ ಸಿರಿ ಕಟ್ಟುತ್ತಾರೆ. ಬಿಚ್ಚದ, ತಿಳಿಹಳದಿ ಬಣ್ಣದ ತಿರಿಯನ್ನೇ ಕೊಯ್ದು, ನಡುವಿನ ಕಡ್ಡಿ ತೆಗೆದು, ಬುಡ ಹಿಡಿದುಕೊಂಡು ಉಗುರಿನಿಂದಲೋ ಕತ್ತಿಯ ಮೊನೆಯಿಂದಲೋ ಎಳೆಎಳೆಯಾಗಿ ಸೀಳಿ ಹಗ್ಗಕ್ಕೆ ಹೆಣೆಯುತ್ತಾರೆ. ಅದೇ ದಿನ ಕೊಯ್ದದ್ದೇ ಆಗಬೇಕು. ಹಿಂದಿನ ದಿನದ್ದಾದರೆ ಬಾಡಿ ಮುದುಡುತ್ತದೆ, ಸುತ್ತು ಹಾಕುವಾಗ ಹರಡಿ ನಿಲ್ಲುವುದಿಲ್ಲ, ಒಣಗಿದ ಗರಿ ದೀವಟಿಗೆಯ ಕಿಡಿಗೆ ಬೇಗ ಹತ್ತಿಕೊಳ್ಳುತ್ತದೆ. ಅಣಿ ಬೆನ್ನಿಗೆ ಕಟ್ಟುವ ಚೌಕಟ್ಟು. ಬಿದಿರಿನ ಸೀಳು, ಅಡಿಕೆಯ ಹಾಳೆ, ತಿರಿ, ಬಣ್ಣದ ಬಟ್ಟೆ ಸೇರಿಸಿ ಮಾಡುತ್ತಾರೆ. ದೈವಕ್ಕೆ ತಕ್ಕಂತೆ ಅದರ ಆಕಾರ ಬೇರೆ, ಕೆಲವು ತಲೆಗಿಂತ ಎಷ್ಟೋ ಮೇಲೆ ಹೋಗುತ್ತವೆ. ಕಟ್ಟುವಾಗ ಹಗ್ಗ ಎಲ್ಲೆಲ್ಲಿ ಹಾಯುತ್ತದೆ ಎಂದು ಚಿತ್ರ ಬರೆದುಕೊಳ್ಳಿ. ಭಾರ ಭುಜಕ್ಕೆ ಬಿದ್ದಿದೆಯೇ, ಸೊಂಟಕ್ಕೆ ಇಳಿದಿದೆಯೇ ಎಂಬುದರ ಮೇಲೆ ಕುಣಿತದ ಹೆಜ್ಜೆಯೇ ನಿಂತಿದೆ. ಅಣಿ ಕಟ್ಟಿದ ಮೇಲೆ ಬಾಗುವುದು ಕಡಿಮೆ, ಸುತ್ತುವುದು ಹೆಚ್ಚು, ಹೆಜ್ಜೆ ಅಗಲ. ಈ ನಡೆಯನ್ನು ಯಾರೋ ಕೂತು ಸಂಯೋಜಿಸಿದ್ದಲ್ಲ. ಬೆನ್ನ ಮೇಲಿನ ಭಾರ, ಕಾಲಿನ ಗಗ್ಗರ, ಸೊಂಟದ ಸಿರಿ ಮೂರೂ ಸೇರಿ ದೇಹಕ್ಕೆ ಬಿಟ್ಟ ದಾರಿ ಅಷ್ಟು. ವೇಷವೇ ನಡೆಯನ್ನು ಹೇಗೆ ಕಲಿಸುತ್ತದೆ ಎಂದು ಬರೆದರೆ ನಿಮ್ಮ ವಿಭಾಗದವರಿಗೂ ಹೊಸದು ಸಿಗುತ್ತದೆ.

ಮೊಗ ಬರುವುದು ತಡವಾಗಿ. ಪಂಜುರ್ಲಿಗೆ ಹಂದಿಯ ಮೊಗ, ಹೆಚ್ಚಾಗಿ ಲೋಹದ್ದು. ಮುಖಕ್ಕೆ ನೇರ ಹಿಡಿಯುವ ಕ್ರಮವೂ ಇದೆ, ಹಣೆಯ ಮೇಲಕ್ಕೆ ಎತ್ತಿ ಇಡುವ ಕ್ರಮವೂ ಇದೆ. ಮೊಗ ಭಂಡಾರದ ಸೊತ್ತು, ಅಣಿ ಹಾಗಲ್ಲ. ಅಣಿಯನ್ನು ಆ ರಾತ್ರಿಗೆಂದು ಕಟ್ಟುವವರ ಕಡೆಯವರೇ ಮಾಡುತ್ತಾರೆ, ಬೆಳಗಾದರೆ ಬಿಚ್ಚಿಬಿಡುತ್ತಾರೆ. ಮೊಗ, ಖಡ್ಗ, ಗಂಟೆ ಊರಿನವು. ತಲೆಮಾರಿನಿಂದ ಬಂದವು, ಬೆಳಗಾದ ಮೇಲೆ ಭಂಡಾರಕ್ಕೇ ಹಿಂತಿರುಗಬೇಕು. ಕೊಟ್ಟವರಿಗೇ ವಾಪಸು ಬಂತೇ ಎಂದು ನಿಮ್ಮ ಅಂಕಣದಲ್ಲಿ ನೋಡಿ. ಯಾವುದನ್ನೂ ಮುಟ್ಟಬೇಡಿ, ಅಳತೆಗೂ ಮುಟ್ಟಬೇಡಿ. ಅಳತೆ ಬೇಕಿದ್ದರೆ ಕೇಳಿ ತಿಳಿಯಿರಿ.

ಪಾತ್ರಿಯ ವಿಷಯ ಈಗ. ಅನೇಕ ನೇಮಗಳಲ್ಲಿ ಅಣಿ ಕಟ್ಟಿದವರ ಜೊತೆ ಪಾತ್ರಿಗೂ ದರ್ಶನ ಬರುತ್ತದೆ, ಅಂದರೆ ದೈವ ಮೈಮೇಲೆ ಬರುತ್ತದೆ. ಪಾತ್ರಿಗೆ ಬಣ್ಣವಿಲ್ಲ, ಅಣಿಯಿಲ್ಲ. ಉಟ್ಟದ್ದು ರೇಷ್ಮೆ ಅಥವಾ ಕೆಂಪು ಬಟ್ಟೆ, ಕೈಯಲ್ಲಿ ಖಡ್ಗ ಮತ್ತು ಗಂಟೆ, ಮೈಗೆ ಗಂಧ, ಪಿಂಗಾರ ಅಂದರೆ ಅಡಿಕೆಯ ಹೂವು. ಪಾತ್ರಿಗಳು ಸಾಮಾನ್ಯವಾಗಿ ಕಟ್ಟುವವರ ಸಮುದಾಯದವರಲ್ಲ. ಬಿಲ್ಲವರು, ಬಂಟರು ಮೊದಲಾದವರು. ಹೀಗೆ ಒಂದೇ ದೈವ ಒಂದೇ ಅಂಗಳದಲ್ಲಿ, ಒಂದೇ ಹೊತ್ತಿನಲ್ಲಿ ಎರಡು ದೇಹದಲ್ಲಿ ನಿಂತಿರುತ್ತದೆ. ಎರಡೂ ಎದುರುಬದುರಾಗಿ ಸುತ್ತು ಬರುತ್ತವೆ. ಒಬ್ಬ ನಟ ಒಂದು ಪಾತ್ರ ಎಂಬ ಲೆಕ್ಕವನ್ನು ಹಿಡಿದು ಬಂದವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ, ಊರಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಒಂದು ದೇಹ ದೈವದ ರೂಪವನ್ನು, ಕತೆಯನ್ನು, ನುಡಿಯನ್ನು ಹೊರುತ್ತದೆ. ಇನ್ನೊಂದು ಅದು ಈ ಊರಿನದೇ ದೈವ ಎಂಬುದಕ್ಕೆ ಊರಿನ ಕಡೆಯಿಂದ ನಿಂತ ದೇಹ. ಇಬ್ಬರನ್ನೂ ಒಂದೇ ಹೆಸರಿನಲ್ಲಿ ಬರೆದುಬಿಡುವುದು ವರದಿಗಳಲ್ಲಿ ಕಾಣುವ ದೊಡ್ಡ ದೋಷ. ಯಾರು ಮೊದಲು ಅದುರಿದರು, ಯಾರ ಅದುರು ಮೊದಲು ನಿಂತಿತು, ನುಡಿಯ ಹೊತ್ತಿನಲ್ಲಿ ಪಾತ್ರಿ ಎಲ್ಲಿ ನಿಂತರು ಎಂದು ಬೇರೆಬೇರೆಯಾಗಿ ಬರೆಯಿರಿ.

ನುಡಿ ಬಂದಾಗ ನೇಮ ಕುಣಿತದಿಂದ ಸಭೆಗೆ ತಿರುಗುತ್ತದೆ. ದೈವ ಮನೆತನಗಳನ್ನು ಒಂದೊಂದಾಗಿ ಅವರವರ ಸ್ಥಾನದ ಹೆಸರಿನಲ್ಲಿ ಕರೆಯುತ್ತದೆ. ಸಾಮಾನ್ಯವಾಗಿ ಗುತ್ತಿನವರು ಮೊದಲು, ಆಮೇಲೆ ಉಳಿದವರು. ಕರೆದವರು ಮುಂದೆ ಬಂದು ಓಗೊಡುತ್ತಾರೆ. ಯಾರ ಹೆಸರಾದರೂ ಬಿಟ್ಟುಹೋದರೆ, ಹಿಂದೆಮುಂದಾದರೆ, ಅಲ್ಲೇ ಆಕ್ಷೇಪ ಏಳುತ್ತದೆ. ಹಳೆಯ ಮನಸ್ತಾಪಗಳು ಹೊರಗೆ ಬರುವ ಜಾಗ ಅದು. ಇದಾದ ಮೇಲೆ ದೂರುಗಳು. ಗಡಿ ಜಗಳ, ನೀರಿನ ಪಾಲು, ಒಡೆದ ಮನೆ, ಕಳವು, ತೀರಿಸದ ಹರಕೆ.

ಇದರ ನಡಿಗೆಯನ್ನು ಒಂದು ನೀರಿನ ತಕರಾರಿನಲ್ಲಿ ನೋಡಿ. ಅಣ್ಣ ತಮ್ಮಂದಿರ ಎರಡು ಮನೆ, ಮೇಲಿನ ತೋಟದವರು ಬೇಸಿಗೆಯಲ್ಲಿ ಕಾಲುವೆಯ ನೀರು ಬಿಡುತ್ತಿಲ್ಲ ಎಂದು ಕೆಳಗಿನವರು ದೈವದ ಮುಂದೆ ಹೇಳುತ್ತಾರೆ. ದೈವ ನೇರವಾಗಿ ತೀರ್ಪು ಹೇಳುವುದಿಲ್ಲ. ಮೊದಲು ಇಬ್ಬರನ್ನೂ ಎದುರಿಗೆ ನಿಲ್ಲಿಸುತ್ತದೆ. ಮಧ್ಯಸ್ಥರು ದೂರನ್ನು ನುಡಿಗೆ ತಕ್ಕ ಮಾತಿನಲ್ಲಿ ದೈವಕ್ಕೆ ಅರುಹುತ್ತಾರೆ, ದೈವದ ಮಾತನ್ನು ಕಕ್ಷಿಗಳಿಗೆ ಬಿಡಿಸಿ ಹೇಳುತ್ತಾರೆ. ನುಡಿ ಹಳೆಯ ತುಳುವಿನ ಕಟ್ಟುಮಾತುಗಳಿಂದ ತುಂಬಿರುತ್ತದೆ, ಒಂದು ಮಾತಿಗೆ ಎರಡು ದಾರಿ ಇರುವಂತೆ ಬರುತ್ತದೆ. ಮಧ್ಯಸ್ಥರು ಯಾವ ದಾರಿ ಹಿಡಿದರು ಎಂಬುದರಲ್ಲಿ ತೀರ್ಪಿನ ಅರ್ಧ ಇದೆ. ನಡುವೆ ಹಿರಿಯರು ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ದೈವ ಹೊತ್ತು ಕೊಡುತ್ತದೆ; ಗಗ್ಗರ ಮೆಲ್ಲಗೆ ಅಲುಗುತ್ತಿರುತ್ತದೆ. ದಿನ ಬಿಟ್ಟು ದಿನ ನೀರು ಎಂದು ಹಿರಿಯರು ಒಪ್ಪಂದಕ್ಕೆ ಬಂದರೆ ದೈವ ಅದನ್ನೇ ತನ್ನ ಮಾತಾಗಿ ಕಟ್ಟುತ್ತದೆ. ಒಪ್ಪಂದ ಆಗದಿದ್ದರೆ ವಾಯಿದೆ ಕೊಡುತ್ತದೆ: ಇಷ್ಟು ದಿನದೊಳಗೆ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ನಾನು ನೋಡಿಕೊಳ್ಳುತ್ತೇನೆ ಎಂಬರ್ಥದ ಮಾತು. ಇಬ್ಬರೂ ಒಪ್ಪಿದರೇ ಎಂದು ತಿಳಿಯುವುದು ಬಾಯಿಮಾತಿನಿಂದಲ್ಲ. ಕೊನೆಗೆ ಕೊಡುವ ಗಂಧಪ್ರಸಾದಕ್ಕೆ ಯಾರು ಕೈಯೊಡ್ಡಿದರು ಎಂದು ನೋಡಿ. ಒಬ್ಬರು ಹಿಂದೆ ಸರಿದು, ಜನರ ನಡುವೆ ಸೇರಿಕೊಂಡುಬಿಟ್ಟರೆ ಜಗಳ ಮುಗಿದಿಲ್ಲ. ನುಡಿಯ ಅಕ್ಷರಪಾಠ ಎಷ್ಟು ಚೆನ್ನಾಗಿ ಬರೆದುಕೊಂಡಿದ್ದರೂ ಈ ಕೈಯನ್ನು ನೋಡದಿದ್ದರೆ ತೀರ್ಪು ಏನಾಯಿತು ಎಂದು ತಪ್ಪಾಗಿ ಬರೆಯುತ್ತೀರಿ.

ಬಾರಣೆ, ಅಂದರೆ ದೈವಕ್ಕೆ ಉಣಬಡಿಸುವುದು, ಮತ್ತು ಹರಕೆ ಒಪ್ಪಿಸುವುದು ಇದೇ ಸುತ್ತಿನಲ್ಲಿ ಬರುತ್ತವೆ. ಇವನ್ನು ಹಿಂದಿನವರು ಬೇಕಾದಷ್ಟು ಬರೆದಿದ್ದಾರೆ. ಬರೆಯದೆ ಬಿಟ್ಟದ್ದು ಬಿಚ್ಚುವ ಹೊತ್ತು. ಬೆಳಗಿನ ಜಾವ ಮೊಗ ಇಳಿಯುತ್ತದೆ, ಅಣಿ ಬಿಚ್ಚುತ್ತಾರೆ, ಗಗ್ಗರ ಕಾಲಿನಿಂದ ಬರುತ್ತದೆ. ಕಣಕಾಲಿನ ಎಲುಬಿನ ಮೇಲೆ ಉಜ್ಜಿದ ಗಾಯ ಕಾಣುತ್ತದೆ. ಒಳಗೆ ಬಟ್ಟೆ ಸುತ್ತಿದ್ದರೂ ಪೂರ್ತಿ ತಪ್ಪುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾರೆ. ಆಮೇಲೆ ಪಡಿ: ಅಕ್ಕಿ, ತೆಂಗಿನಕಾಯಿ, ಹಣ. ಅರ್ಧ ತಾಸಿನ ಹಿಂದೆ ಯಾರ ಮುಂದೆ ಊರೇ ಬಾಗಿತ್ತೋ ಅವರನ್ನು ಮತ್ತೆ ಹೆಸರು ಹಿಡಿದು ಕರೆಯುತ್ತಾರೆ. ನಲಿಕೆ, ಪರವ, ಪಂಬದ ಮೂರೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯಗಳು. ರಾತ್ರಿ ದೈವದ ಬಾಯಿಂದ ಗುತ್ತಿನವರು ಬೈಸಿಕೊಂಡದ್ದನ್ನು ನೋಡಿ ಇಲ್ಲಿ ಜಾತಿ ಅಳಿದುಹೋಗುತ್ತದೆ ಎಂದು ಬರೆಯುವುದು ಆತುರ. ದೈವಕ್ಕೆ ಸಂದ ಮರ್ಯಾದೆ ಗಗ್ಗರದೊಂದಿಗೆ ಬರುತ್ತದೆ, ಗಗ್ಗರದೊಂದಿಗೇ ಹೋಗುತ್ತದೆ. ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದು ಊರಿಗೊಂದು. ಬೆಳಿಗ್ಗೆ ಅವರಿಗೆ ಎಲ್ಲಿ ಕೂರಲು ಹೇಳಿದರು, ಊಟ ಎಲ್ಲಿ ಬಡಿಸಿದರು, ಯಾರ ಪಂಕ್ತಿಯಲ್ಲಿ ಎಂದು ನೋಡದೆ ವರದಿ ಮುಗಿಸಬೇಡಿ. ಇದನ್ನು ಬರೆಯುವುದಕ್ಕೆ ಅಜ್ಜಿಮನೆಯವರು ಮುಖ ಸಿಂಡರಿಸಬಹುದು. ಆದರೂ ಬರೆಯಬೇಕು.

ದಾಖಲಾತಿಯ ಬಗ್ಗೆ. ಒಂದೇ ರೆಕಾರ್ಡರ್ ಸಾಲದು. ಡೋಲು, ನಾಗಸ್ವರ, ಈಗ ಬ್ಯಾಂಡ್‌ಸೆಟ್ ಇವುಗಳ ಸದ್ದಿನಲ್ಲಿ ತೆಂಬರೆ ಮತ್ತು ಹಾಡು ಮುಳುಗಿಹೋಗುತ್ತವೆ. ಒಂದನ್ನು ಪಾಡ್ದನ ಹಾಡುವವರ ಹತ್ತಿರ ಇಡಿ, ಇನ್ನೊಂದನ್ನು ಅವರ ಒಪ್ಪಿಗೆ ಪಡೆದು ಮಧ್ಯಸ್ಥರ ಅಂಗಿಗೆ ಸಿಕ್ಕಿಸಿ. ನುಡಿ ಸ್ಪಷ್ಟವಾಗಿ ಸಿಗುವುದು ಅಲ್ಲಿ ಮಾತ್ರ, ಧ್ವನಿವರ್ಧಕದ ಬಳಿ ಇಟ್ಟರೆ ಬರೀ ಮೊರೆತ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಶುರುಮಾಡಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಹೊಂದಿಸಲು ಸುಲಭ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ದೂರದಲ್ಲಿ, ಇಡೀ ಅಂಗಳ ಕಾಣುವಂತೆ ನಿಲ್ಲಲಿ. ಎಲ್ಲರೂ ದೈವದ ಮುಖವನ್ನೇ ಹಿಡಿಯುವುದರಿಂದ ಕೊಡುವ ಕೈಗಳು ಯಾರ ವಿಡಿಯೋದಲ್ಲೂ ಇರುವುದಿಲ್ಲ. ಫ್ಲ್ಯಾಷ್ ಬೇಡ. ಅನುಮತಿ ಎರಡು ಕಡೆ ಪಡೆಯಬೇಕು: ಗುತ್ತಿನಲ್ಲಿ ಒಮ್ಮೆ, ಕಟ್ಟುವವರ ಮನೆಗೆ ಹೋಗಿ ಇನ್ನೊಮ್ಮೆ. ಗುತ್ತಿನವರು ಒಪ್ಪಿದರೆ ಮುಗಿಯಿತು ಎಂದುಕೊಳ್ಳುವುದು ಹಳೆಯ ಚಾಳಿ, ಬಿಡಬೇಕಾದದ್ದು.

ಸಂದರ್ಶನಕ್ಕೆ ಮಳೆಗಾಲ ಒಳ್ಳೆಯದು. ಪತ್ತನಾಜೆ, ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ ಬರುತ್ತದೆ. ಅಲ್ಲಿಗೆ ನೇಮಗಳ ಕಾಲ ಮುಗಿದು, ಮಳೆ ಕಳೆದ ಮೇಲೆ ಮತ್ತೆ ಶುರು. ನಡುವಿನ ಆಟಿ ತಿಂಗಳಲ್ಲಿ ನಲಿಕೆಯವರು ಆಟಿ ಕಳೆಂಜ ಎಂಬ ವೇಷ ಹಾಕಿ ಮನೆಮನೆಗೆ ಬರುತ್ತಾರೆ, ಮಾತಿಗೆ ಪುರುಸೊತ್ತಿರುತ್ತದೆ. ಆದರೆ ಜೋಗದಲ್ಲಿ ನಿಮಗೆ ಏನನ್ನಿಸಿತು ಎಂದು ಕೇಳಿದರೆ ಎಲ್ಲರಿಗೂ ಹೇಳುವ ಮಾತನ್ನೇ ನಿಮಗೂ ಹೇಳುತ್ತಾರೆ, ಅದು ಅವರ ಹಕ್ಕು. ಬದಲಿಗೆ ಕೆಲಸದ ಬಗ್ಗೆ ಕೇಳಿ. ಅಣಿಯ ಯಾವ ಕಟ್ಟು ಸಡಿಲವಾದರೆ ಕಷ್ಟ, ಗಾಳಿ ಬೀಸಿದರೆ ಏನು ಮಾಡುತ್ತೀರಿ, ಯಾವ ಗುತ್ತಿನ ನುಡಿ ಕಠಿಣ, ಮೊದಲು ಗಗ್ಗರ ಕಟ್ಟುವ ಮುಂಚೆ ಎಷ್ಟು ವರ್ಷ ತೆಂಬರೆ ಹಿಡಿದಿರಿ, ಮಗನಿಗೆ ಯಾವುದನ್ನು ಮೊದಲು ಕಲಿಸುತ್ತೀರಿ. ಈ ಪ್ರಶ್ನೆಗಳಿಗೆ ಉತ್ತರ ಉದ್ದವಾಗಿ ಬರುತ್ತದೆ, ದೇಹದ ತಿಳಿವಳಿಕೆ ಆ ಉತ್ತರಗಳೊಳಗೇ ಇರುತ್ತದೆ. ಪಾಡ್ದನ ಹಾಡುವ ಹೆಂಗಸರ ಜೊತೆ ಬೇರೆಯಾಗಿ ಕೂರಿ. ಗಂಡಸರ ಎದುರು ಅವರು ಅರ್ಧದಲ್ಲೇ ನಿಲ್ಲಿಸುತ್ತಾರೆ.

ಬರೆಯುವಾಗ ವಾಕ್ಯದ ಕರ್ತೃ ಯಾರು ಎಂಬುದರಲ್ಲಿ ಎಚ್ಚರವಿರಲಿ. ಗಗ್ಗರಕ್ಕೆ ಮೊದಲು ನಡೆದದ್ದಕ್ಕೆ ಕಟ್ಟುವವರನ್ನು ಕರ್ತೃವಾಗಿಸಿ: ಕಟ್ಟುವವರು ಹಾಡಿದರು, ಬಣ್ಣ ಹಚ್ಚಿಕೊಂಡರು. ಜೋಗ ಬಂದ ಮೇಲೆ ಊರು ಹೇಗೆ ಹೇಳುತ್ತದೋ ಹಾಗೆಯೇ ಬರೆಯಿರಿ: ದೈವ ಕರೆಯಿತು, ದೈವ ವಾಯಿದೆ ಕೊಟ್ಟಿತು. ಬಿಚ್ಚಿದ ಮೇಲೆ ಮತ್ತೆ ಕಟ್ಟುವವರು. ಹೀಗೆ ಬರೆಯುವುದಕ್ಕೆ ಕಾರಣವನ್ನು ವರದಿಯ ಮೊದಲ ಪುಟದಲ್ಲಿ ಎರಡು ವಾಕ್ಯದಲ್ಲಿ ಹೇಳಿಬಿಡಿ: ಅಂಗಳದಲ್ಲಿ ಕರೆಯುವ ರೀತಿ ಬದಲಾದ ಕಡೆಯೇ ನನ್ನ ವಾಕ್ಯವೂ ಬದಲಾಗುತ್ತದೆ ಎಂದು. ಪರೀಕ್ಷಕರು ಒಪ್ಪದಿದ್ದರೆ ತೋರಿಸಲು ನಿಮ್ಮ ಐದು ಅಂಕಣಗಳಿವೆ.

ನುಡಿಯಲ್ಲಿ ಬಂದ ಜಗಳಗಳ ಹೆಸರು, ಮನೆ, ಜಾಗದ ಗುರುತು ವರದಿಯಲ್ಲಿ ಬೇಡ. ನೀರಿನ ತಕರಾರು ನಾಳೆ ಕೋರ್ಟಿಗೆ ಹೋದರೆ ನಿಮ್ಮ ಧ್ವನಿಮುದ್ರಣವನ್ನು ಯಾರಾದರೂ ಕೇಳಿಕೊಂಡು ಬರಬಹುದು. ಆ ಭಾಗವನ್ನು ಬೇರೆ ಕಡತದಲ್ಲಿ ಇಟ್ಟು, ವಿಭಾಗಕ್ಕೆ ಸಲ್ಲಿಸುವ ಪ್ರತಿಯಿಂದ ತೆಗೆದುಬಿಡಿ. ಉಳಿದ ಧ್ವನಿ, ಚಿತ್ರಗಳ ಪ್ರತಿ ಗುತ್ತಿಗೆ ಒಂದು, ಕಟ್ಟುವವರ ಮನೆಗೆ ಒಂದು, ಎರಡೂ ಒಂದೇ ದಿನ ತಲುಪಲಿ. ಪಾಡ್ದನ ಹಾಡಿದವರಿಗೆ ಅವರ ಹಾಡು ಪೆನ್‌ಡ್ರೈವಿನಲ್ಲಿ ಸಿಕ್ಕಿದರೆ ಸಾಲದು, ಹೆಚ್ಚಿನವರು ಕೇಳುವುದು ಮೊಬೈಲಿನಲ್ಲಿ. ಸಣ್ಣ ತುಂಡುಗಳಾಗಿ ಕತ್ತರಿಸಿ ಅದಕ್ಕೆ ಹಾಕಿಕೊಡಿ.